ಮಳೆಯಿಲ್ಲದ ಊರಿಗೆ ಹೊಳೆ ಬಂದಾಗ: ಇಲಿಜ್ವರ ಕಲಿಸಿದ ಪಾಠಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಬರ, ಫ್ಲೋರೈಡ್ ನೀರು, ಗುಳೆ. ಪ್ರವಾಹ ಅಲ್ಲ. ಆದರೆ ಹರಪನಹಳ್ಳಿ ಮತ್ತು ಹಡಗಲಿಯ ಒಂದು ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಹಡಗಲಿ, ಹಗರಿಬೊಮ್ಮನಹಳ್ಳಿಯ ಹೊಲಗಳವರೆಗೆ ಡ್ಯಾಮಿನ ಹಿನ್ನೀರು ಬರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಜೋರು ಮಳೆಯಾದರೆ ನಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಬರುತ್ತದೆ. ಗರ್ಭಗುಡಿ, ಹಲವಾಗಲು ಕಡೆ ರಸ್ತೆಯ ಮೇಲೆ ನೀರು ನಿಲ್ಲುತ್ತದೆ, ಮೈಲಾರ, ಕುರುವತ್ತಿ ಕಡೆ ದಂಡೆಯ ಬೆಳೆ ಮುಳುಗುತ್ತದೆ. ನೀರು ಇಳಿದು ಎಲ್ಲರೂ ಮರೆತ ಮೇಲೆ ಜ್ವರದ ರೋಗಿಗಳು ಬರುತ್ತಾರೆ. ಈ ಭಾಗದಲ್ಲಿ ವೈದ್ಯಕೀಯ ಮಾಡಿಕೊಂಡಿರುವ ನಾನು ಅವರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಿತದ್ದರಲ್ಲಿ ಹೆಚ್ಚಿನದು ತಪ್ಪು ಮಾಡಿಯೇ.

1. ನಮ್ಮ ಕಡೆ ಇಲ್ಲದ ಕಾಯಿಲೆ ಎಂದುಕೊಂಡಿದ್ದೆ

ಓದುವಾಗ ಇಲಿಜ್ವರ ಅಥವಾ ಲೆಪ್ಟೋಸ್ಪೈರೋಸಿಸ್ ಎಂದರೆ ಕರಾವಳಿ, ಮಲೆನಾಡು, ಕೇರಳ, ಅಂಡಮಾನ್, ಸೂರತ್ತಿನ ಭತ್ತದ ಗದ್ದೆ. 2005ರ ಜುಲೈನಲ್ಲಿ ಮುಂಬೈ ಮುಳುಗಿದಾಗಲೂ, 2018ರಲ್ಲಿ ಕೇರಳ ಮುಳುಗಿದಾಗಲೂ ಇದು ಸುದ್ದಿಯಾಗಿತ್ತು. ಬಯಲುಸೀಮೆಯಲ್ಲಿ ಕೂತು ಅದನ್ನು ಓದಿ ಪುಟ ತಿರುಗಿಸಿದವನು ನಾನು.

ಹಾಗೆ ಅಂದುಕೊಳ್ಳಲು ಅರ್ಧ ಕಾರಣವೂ ಇತ್ತು. ಈ ರೋಗಾಣು ಇಲಿ, ಹೆಗ್ಗಣಗಳ ಕಿಡ್ನಿಯಲ್ಲಿ ಮನೆ ಮಾಡಿಕೊಂಡು ಮೂತ್ರದಲ್ಲಿ ಹೊರಬೀಳುತ್ತದೆ. ಇಲಿಗೆ ಏನೂ ಆಗಿರುವುದಿಲ್ಲ. ದನ, ಎಮ್ಮೆ, ಹಂದಿ, ನಾಯಿಗಳ ಮೂತ್ರದಲ್ಲೂ ಬರಬಹುದು. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುವ ಇದು ಒಣಗಿದ ನೆಲದಲ್ಲಿ, ಸುಡುವ ಬಿಸಿಲಿನಲ್ಲಿ ಬೇಗ ಸಾಯುತ್ತದೆ. ಕೂಡ್ಲಿಗಿಯ ಬಿಸಿಲು ನಿಜವಾಗಿಯೂ ನಮ್ಮನ್ನು ಕಾಯುತ್ತದೆ. ಆದರೆ ಹೊಳೆ ಉಕ್ಕಿದಾಗ ದಂಡೆಯ ಬಿಲಗಳಿಗೆ ನೀರು ನುಗ್ಗುತ್ತದೆ. ಇಲಿಗಳು ಮೇಲಿನ ಹೊಲಕ್ಕೆ, ಮೆಕ್ಕೆಜೋಳದ ರಾಶಿಗೆ, ಹಟ್ಟಿಗೆ ಬರುತ್ತವೆ. ತಿಪ್ಪೆ, ಕೊಟ್ಟಿಗೆ, ಚರಂಡಿ ಎಲ್ಲವೂ ಒಂದೇ ನೀರಿನಲ್ಲಿ ಕಲೆಯುತ್ತವೆ. ಆ ಕೆಲವು ವಾರಗಳ ಮಟ್ಟಿಗೆ ದಂಡೆಯ ಊರು ಬಯಲುಸೀಮೆಯಾಗಿ ಉಳಿಯುವುದಿಲ್ಲ. ಇದು ನನ್ನ ತಲೆಗೆ ಹೋಗಿರಲಿಲ್ಲ.

ಇನ್ನೊಂದು ಗುಳೆ. ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಜನ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಗೆ ಹೋಗುತ್ತಾರೆ. ಅಲ್ಲಿ ಒದ್ದೆ ನೆಲದಲ್ಲಿ ದುಡಿದು, ಮೈಯಲ್ಲಿ ರೋಗಾಣು ಇಟ್ಟುಕೊಂಡು ಊರಿಗೆ ಬಂದು ಮಲಗುತ್ತಾರೆ. ಕಾಯಿಲೆ ನಮ್ಮೂರಿನದಲ್ಲದಿದ್ದರೂ ರೋಗಿ ನಮ್ಮೂರಿನವನೇ.

2. "ನೀರಿಗೆ ಇಳಿದಿದ್ರಾ?" ಎಂದು ಕೇಳಿದರೆ "ಇಲ್ಲ" ಅಂತಲೇ ಉತ್ತರ

ಹಡಗಲಿ ಕಡೆಯ ದಂಡೆಯ ಊರಿನ ರೈತರೊಬ್ಬರು, ನಲವತ್ತರ ಆಸುಪಾಸು, ಗಟ್ಟಿ ಆಳು. ಎರಡು ದಿನದ ಜ್ವರ, ಚಳಿ, ತಲೆ ಸಿಡಿತ. "ಡಾಕ್ಟ್ರೇ, ಒಂದ್ ಸೂಜಿ ಹಾಕ್ರಿ, ಕಾಲು ಭಾಳ ಹರೀತಾವ" ಎಂದರು. ನಾನೂ ಕೇಳಬೇಕಾದ್ದನ್ನು ಕೇಳಿದೆ: ಮಳೆಯಲ್ಲಿ ನೆನೆದಿರಾ, ನೀರಿಗೆ ಇಳಿದಿದ್ದಿರಾ? "ಮಳೇನ ಇಲ್ಲಲ್ರೀ ಸರ, ಎಲ್ಲೀ ನೀರು?" ಎಂದರು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

ಅವರು ಸುಳ್ಳು ಹೇಳಲಿಲ್ಲ. ಸುಮಾರು ಹತ್ತು ದಿನದ ಹಿಂದೆ ಹೊಳೆ ಏರುತ್ತಿದೆ ಎಂದು ಫೋನು ಬಂದಾಗ ರಾತ್ರಿಯೇ ದಂಡೆಗೆ ಓಡಿ, ಸೊಂಟಮಟ್ಟ ನೀರಿನಲ್ಲಿ ನಿಂತು ಮೋಟರು, ಸ್ಟಾರ್ಟರು, ಪೈಪುಗಳನ್ನು ಬಿಚ್ಚಿ ಮೇಲಕ್ಕೆ ಎಳೆದಿದ್ದರು. ಅವರ ಲೆಕ್ಕದಲ್ಲಿ ಅದು ಮೋಟರಿನ ಕೆಲಸ. ಜ್ವರಕ್ಕೂ ಅದಕ್ಕೂ ಸಂಬಂಧ ಇರಬಹುದೆಂದು ಅವರಿಗೆ ಹೊಳೆಯಲು ಕಾರಣವೇ ಇರಲಿಲ್ಲ. ಪೈಪಿನ ಕ್ಲಾಂಪು ಕೊಯ್ದ ಗಾಯ ಮುಂಗಾಲಿನಲ್ಲಿ ಒಣಗುತ್ತಿತ್ತು. ನಾನು ಪ್ಯಾಂಟು ಮೇಲೆತ್ತಿಸಿ ನೋಡಿರಲಿಲ್ಲ.

ರೋಗಾಣು ಒಳಹೋದ ಮೇಲೆ ಜ್ವರ ಬರಲು ಎರಡು ದಿನದಿಂದ ಒಂದು ತಿಂಗಳವರೆಗೆ ಹಿಡಿಯಬಹುದು. ಬಹುಪಾಲು ಒಂದರಿಂದ ಎರಡು ವಾರ. ಹಾಗಾಗಿ ಪ್ರವಾಹದ ಸುದ್ದಿ ಪೇಪರಿನಿಂದ ಮರೆಯಾದ ಮೇಲೆಯೇ ಕಾಯಿಲೆ ಶುರುವಾಗುವುದು. ಗಾಯ, ಒಡೆದ ಹಿಮ್ಮಡಿ, ನೀರಲ್ಲಿ ನೆಂದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇಷ್ಟು ಸಾಕು ಅದಕ್ಕೆ ದಾರಿ.

ಈಗ ನಾನು ಕೇಳುವುದೇ ಬೇರೆ ಥರ. "ಹೋದ ಒಂದು ತಿಂಗಳಲ್ಲಿ ಎಲ್ಲೆಲ್ಲಿ ಕಾಲು ಒದ್ದೆ ಆಯ್ತು?" ಭತ್ತದ ಗದ್ದೆ, ಕೆರೆ ಕೋಡಿ, ದನ ತೊಳೆದದ್ದು, ಮೀನು ಹಿಡಿದದ್ದು, ಚರಂಡಿ ಬಳಿದದ್ದು, ಕುರಿ ದಾಟಿಸಿದ್ದು, ಎಲ್ಲವನ್ನೂ ಒಂದೊಂದಾಗಿ ಹೆಸರಿಸುತ್ತೇನೆ. ನಂತರ "ಊರು ಬಿಟ್ಟು ಎಲ್ಲಿಗಾದರೂ ದುಡಿಯಲು ಹೋಗಿದ್ರಾ?" ಹೆಂಗಸರು ಜೊತೆಗಿದ್ದರೆ ಅವರನ್ನೂ ಕೇಳುತ್ತೇನೆ. ಗಂಡ ಮರೆತದ್ದು ಹೆಂಡತಿಗೆ ಚೆನ್ನಾಗಿ ನೆನಪಿರುತ್ತದೆ, ಒದ್ದೆ ಬಟ್ಟೆ ಒಗೆದವರು ಅವರಲ್ಲವೇ.

3. ಮೀನಖಂಡವನ್ನು ಒತ್ತಿಯೇ ನೋಡಬೇಕು

ಕಾಲು ನೋವು ಎಂದು ಹೇಳದ ಜ್ವರದ ರೋಗಿ ನಮ್ಮಲ್ಲಿ ಯಾರಿದ್ದಾರೆ? ಹೊಲದಲ್ಲಿ ದುಡಿಯುವವರ ಕಾಲು ಯಾವಾಗಲೂ ನೋಯುತ್ತಲೇ ಇರುತ್ತದೆ. ಅದಕ್ಕೇ ಆ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

ವ್ಯತ್ಯಾಸ ತಿಳಿಯುವುದು ಕೈಯಿಟ್ಟಾಗ. ರೋಗಿಯನ್ನು ಮಲಗಿಸಿ, ಮೊಣಕಾಲು ಸ್ವಲ್ಪ ಮಡಿಸಿ, ಮೀನಖಂಡವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಮೆಲ್ಲಗೆ ಅದುಮಬೇಕು. ದುಡಿತದ ನೋವಾದರೆ ಒತ್ತಿದಾಗ ಹಿತವೆನಿಸುತ್ತದೆ, "ಹಂಗೇ ಇನ್ನೊಂದೀಟು ಒತ್ರಿ" ಎನ್ನುವವರೂ ಇದ್ದಾರೆ. ಇಲಿಜ್ವರದಲ್ಲಿ ಮುಟ್ಟುವ ಮೊದಲೇ ಕಾಲು ಎಳೆದುಕೊಳ್ಳುತ್ತಾರೆ. ಎರಡೂ ಕಾಲು, ಜೊತೆಗೆ ಸೊಂಟದ ಸ್ನಾಯು. ಕೆಲವರಿಗೆ ಎದ್ದು ಬಚ್ಚಲಿಗೆ ನಡೆಯಲೂ ಆಗುವುದಿಲ್ಲ. ಗಂಟುಗಳಲ್ಲೇ ನೋವು, ಊತ ಇದ್ದರೆ ಚಿಕೂನ್‌ಗುನ್ಯ ಕಡೆ ಮನಸ್ಸು ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿ ಬಿಗಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ನೋಡಬೇಕು. ಅದು ಬೇರೆಯೇ ತುರ್ತು.

ಇನ್ನು ಕಣ್ಣು. ಕೆಂಪು ಕಣ್ಣಿನೊಂದಿಗೆ ಬಂದ ಒಬ್ಬ ಹುಡುಗನಿಗೆ ಮದ್ರಾಸ್ ಐ ಎಂದು ಡ್ರಾಪ್ಸ್ ಬರೆದು ಕಳಿಸಿದ್ದೆ. ಆ ಹುಡುಗನ ಕಣ್ಣಲ್ಲಿ ಗೀಜು ಇರಲಿಲ್ಲ, ತುರಿಕೆ ಇರಲಿಲ್ಲ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತಿರಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಹರಡಿರಲಿಲ್ಲ. ಇಲಿಜ್ವರದ ಕೆಂಪು ಹಾಗೆಯೇ ಇರುತ್ತದೆ: ಎರಡೂ ಕಣ್ಣು, ಬಿಳಿಭಾಗದ ಸಣ್ಣ ರಕ್ತನಾಳಗಳು ತುಂಬಿಕೊಂಡು ಕೆಂಪಾಗಿರುತ್ತವೆ, ಆದರೆ ಕಣ್ಣು ಸ್ವಚ್ಛ. ಬೆಳಕು ಚುಚ್ಚುತ್ತದೆ ಎಂದು ಕೆಲವರು ಮುಖ ಗೋಡೆ ಕಡೆ ತಿರುಗಿಸಿ ಮಲಗುತ್ತಾರೆ. ರಾತ್ರಿ ಕುಡಿದಿದ್ದಾನೆ, ನಿದ್ದೆಗೆಟ್ಟಿದ್ದಾನೆ ಎಂದು ಮನೆಯವರೇ ಹೇಳುವುದುಂಟು. ಎಲ್ಲ ರೋಗಿಗಳಲ್ಲೂ ಈ ಕೆಂಪು ಕಾಣಿಸಲೇಬೇಕೆಂದಿಲ್ಲ. ಆದರೆ ಜ್ವರ, ಹಿಂಡುವ ಮೀನಖಂಡ, ಗೀಜಿಲ್ಲದ ಕೆಂಪು ಕಣ್ಣು ಮೂರೂ ಸೇರಿ, ಹಿಂದೆ ಒದ್ದೆ ಕಾಲಿನ ಕಥೆಯೊಂದಿದ್ದರೆ ನಾನೀಗ ಇನ್ನೇನನ್ನೂ ಕಾಯುವುದಿಲ್ಲ.

4. ಜ್ವರ ಬಿಟ್ಟ ದಿನವೇ ಮೋಸ ಹೋದೆ

ಆ ಮೋಟರಿನ ರೈತರ ವಿಷಯಕ್ಕೆ ಬರುತ್ತೇನೆ. ವೈರಲ್ ಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟೆ. ಕಾಲು ನೋವಿಗೆ ಡೈಕ್ಲೋಫೆನಾಕ್ ಸೂಜಿಯನ್ನೂ ಹಾಕಿದೆ. ಅವರು ಕೇಳಿದ್ದೂ ಅದನ್ನೇ, ಹಾಕದಿದ್ದರೆ ಮುಂದಿನ ಬೀದಿಯಲ್ಲಿ ಹಾಕಿಸಿಕೊಳ್ಳುತ್ತಿದ್ದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಕಾಯಿಲೆ ಮೊದಲೇ ಕಿಡ್ನಿಯ ಮೇಲೆ ಬೀಳುತ್ತದೆ. ಅದರ ಮೇಲೆ ಇಂಥ ನೋವಿನ ಔಷಧಿ ಹೋದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಡೆಂಗಿಯಾಗಿದ್ದರೂ ಅದು ತಪ್ಪೇ, ರಕ್ತಸ್ರಾವದ ಭಯ. ಜ್ವರದ ಕಾರಣ ತಿಳಿಯದಿದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಔಷಧಿ ಮುಟ್ಟಬಾರದೆಂದು ಓದಿದ್ದೆ, ಮರೆತಿರಲೂ ಇಲ್ಲ. ಕೈ ಮಾತ್ರ ರೂಢಿಯ ದಾರಿ ಹಿಡಿದಿತ್ತು.

ಐದನೆಯ ದಿನ ಜ್ವರ ಬಿಟ್ಟಿತು. ಫೋನು ಮಾಡಿ "ಆರಾಮ ಆಗೇತ್ರಿ" ಎಂದರು. ನನಗೂ ಖುಷಿ. ಈ ಕಾಯಿಲೆಗೆ ಎರಡು ಹಂತಗಳಿವೆ ಎಂಬುದು ಆಗ ನನಗೆ ನೆನಪಾಗಬೇಕಿತ್ತು. ಮೊದಲ ಹಂತದಲ್ಲಿ ರೋಗಾಣು ರಕ್ತದಲ್ಲಿ ಓಡಾಡುತ್ತದೆ: ಜ್ವರ, ಮೈನೋವು, ಕೆಂಪು ಕಣ್ಣು. ನಾಲ್ಕರಿಂದ ಏಳು ದಿನ ಕಳೆದು ಜ್ವರ ಇಳಿಯುತ್ತದೆ. ಬಹುಪಾಲು ಜನರಿಗೆ ಅಲ್ಲಿಗೆ ಮುಗಿದೂ ಹೋಗುತ್ತದೆ. ಕೆಲವರಿಗೆ ಒಂದೆರಡು ದಿನದ ಬಿಡುವಿನ ಬಳಿಕ ಎರಡನೆಯ ಹಂತ ಶುರುವಾಗುತ್ತದೆ: ಕಾಮಾಲೆ, ಕಿಡ್ನಿ ಸೋಲುವುದು, ಕತ್ತು ಬಿಗಿತ, ಶ್ವಾಸಕೋಶದಲ್ಲಿ ರಕ್ತಸ್ರಾವ. ಕೆಲವರಲ್ಲಿ ಈ ಬಿಡುವೂ ಇರುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಬಂದುಬಿಡುತ್ತದೆ.

ನನ್ನ ರೋಗಿಗೆ ಬಿಡುವು ಸಿಕ್ಕಿತ್ತು. ಅದೇ ನಮ್ಮಿಬ್ಬರನ್ನೂ ಮರುಳು ಮಾಡಿತು. ಏಳನೆಯ ದಿನ ಮತ್ತೆ ಸುಸ್ತು, ವಾಂತಿ. ಎಂಟನೆಯ ದಿನ ಕೆಂಪು ಕಣ್ಣಿನ ಮೇಲೆ ಹಳದಿ ಹತ್ತಿ ಕಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

5. ಕಾಮಾಲೆ ನೋಡಿದರು, ಮೂತ್ರ ನೋಡಲಿಲ್ಲ

ಕಣ್ಣು ಹಳದಿಯಾದ ಕೂಡಲೇ ಮನೆಯವರು ಅವರನ್ನು ಕಾಮಾಲೆ ಔಷಧಿಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು ಎಣ್ಣೆ ಇಲ್ಲದ ಪಥ್ಯ. ನಮ್ಮ ಕಡೆ ಇದು ಎಲ್ಲರೂ ಮಾಡುವ ಕೆಲಸ, ಅವರ ಮೇಲೆ ಸಿಟ್ಟಾಗಲು ನನಗೆ ಹಕ್ಕಿಲ್ಲ. "ಆರಾಮ ಆಗೇತ್ರಿ" ಅಂದಾಗ ಕರೆಸಿ ಒಮ್ಮೆ ನೋಡದವನು ನಾನು.

ಸಾಮಾನ್ಯ ಕಾಮಾಲೆಯಲ್ಲಿ ಲಿವರ್ ಕೋಶಗಳು ಸತ್ತು ಎಸ್‌ಜಿಪಿಟಿ ಸಾವಿರದ ಲೆಕ್ಕದಲ್ಲಿ ಏರುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಹೆಚ್ಚಿನವರ ಜ್ವರ ಬಿಟ್ಟಿರುತ್ತದೆ, ಮೂತ್ರ ಹಳದಿಯಾದರೂ ಸಾಕಷ್ಟು ಹೋಗುತ್ತದೆ. ಇಲಿಜ್ವರದ ಕಾಮಾಲೆ ಬೇರೆ. ಬಿಲಿರುಬಿನ್ ಬಹಳ ಏರಿದ್ದರೂ ಎಸ್‌ಜಿಪಿಟಿ ಅಷ್ಟಾಗಿ ಏರಿರುವುದಿಲ್ಲ. ಪ್ಲೇಟ್‌ಲೆಟ್ ಕುಸಿದಿರುತ್ತದೆ, ಆದರೆ ಡೆಂಗಿಯಲ್ಲಿ ಕಡಿಮೆಯಾಗುವ ಬಿಳಿ ರಕ್ತಕಣ ಇಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಸ್ನಾಯುಗಳಿಂದ ಸೋರುವ ಸಿಪಿಕೆ ಏರಿರುತ್ತದೆ, ಮೀನಖಂಡದ ನೋವಿಗೆ ಲ್ಯಾಬಿನ ಸಾಕ್ಷಿ ಅದು. ಆ ರೈತರು ಮತ್ತೆ ನನ್ನಲ್ಲಿಗೆ ಬಂದಾಗ ಅವರ ರಿಪೋರ್ಟಿನಲ್ಲೂ ಹೀಗೇ ಇತ್ತು: ಬಿಲಿರುಬಿನ್ ಒಂಬತ್ತು ದಾಟಿತ್ತು, ಎಸ್‌ಜಿಪಿಟಿ ನೂರರ ಹತ್ತಿರ, ಪ್ಲೇಟ್‌ಲೆಟ್ ಅರವತ್ತು ಸಾವಿರದ ಆಸುಪಾಸು. ನನ್ನ ಎದೆ ಧಸಕ್ಕೆಂದದ್ದು ಕ್ರಿಯಾಟಿನಿನ್ ನೋಡಿ, ಅದು ನಾಲ್ಕಕ್ಕೆ ಏರಿತ್ತು.

"ಮೂತ್ರ ಹೋಗ್ತಾ ಇದೆಯಾ?" ಎಂದರೆ "ಹೋಗ್ತೈತಿ" ಎಂದರು. ಎಷ್ಟು ಎಂದು ಕೇಳಿದಾಗ ಅವರ ಮಗ ಸ್ವಲ್ಪ ಯೋಚಿಸಿ, ನಿನ್ನೆಯಿಂದ ಒಂದೇ ಸಲ, ಚಹಾದ ಬಣ್ಣ ಎಂದ. ಅವತ್ತಿನಿಂದ ಇಂಥ ರೋಗಿಯ ಮನೆಯವರಿಗೆ ನಾನು ಒಂದು ಕೆಲಸ ಹಚ್ಚುತ್ತೇನೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಇಟ್ಟುಕೊಂಡು ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಹೋದ ಮೂತ್ರವನ್ನೆಲ್ಲ ಅದಕ್ಕೇ ಹಾಕಿ. ಅರ್ಧ ಬಾಟಲಿಯೂ ಆಗದಿದ್ದರೆ ತಡ ಮಾಡಬೇಡಿ, ಹೊರಡಿ. ಇದಕ್ಕೊಂದು ಮಿತಿಯಿದೆ. ಈ ಕಾಯಿಲೆಯಲ್ಲಿ ಮೂತ್ರ ಧಾರಾಳವಾಗಿ ಹೋಗುತ್ತಿರುವಾಗಲೇ ಒಳಗೆ ಕ್ರಿಯಾಟಿನಿನ್ ಏರಿ ಪೊಟ್ಯಾಷಿಯಂ ಇಳಿದಿರುವ ರೋಗಿಗಳೂ ಇರುತ್ತಾರೆ. ಹಾಗಾಗಿ ಬಾಟಲಿ ತುಂಬಿದರೂ ರಕ್ತ ಪರೀಕ್ಷೆ ಬಿಡುವ ಹಾಗಿಲ್ಲ.

ಬಾಟಲಿಯನ್ನೂ ಕಾಯದ ಒಂದು ಲಕ್ಷಣವಿದೆ. ಕೆಮ್ಮಿನಲ್ಲಿ ರಕ್ತದ ಎಳೆ, ಅಥವಾ ಮಲಗಿದಲ್ಲೇ ಉಸಿರು ಕಟ್ಟುವುದು. ಶ್ವಾಸಕೋಶದಲ್ಲಿ ರಕ್ತ ಒಸರಲು ಶುರುವಾದರೆ ಪರಿಸ್ಥಿತಿ ಗಂಟೆಗಳಲ್ಲಿ ಕೈಮೀರುತ್ತದೆ, ಕಾಮಾಲೆ ಇಲ್ಲದವರಲ್ಲೂ ಹೀಗಾಗಬಹುದು. ಆಗ 108ಕ್ಕೆ ಫೋನು ಮಾಡಿ, ವೆಂಟಿಲೇಟರ್ ಇರುವಲ್ಲಿಗೇ ನೇರ. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ, ಕೂಡ್ಲಿಗಿಯವರು ಬಳ್ಳಾರಿಗೋ ಹೊಸಪೇಟೆಗೋ ಹೋಗುತ್ತಾರೆ. ಡಯಾಲಿಸಿಸ್, ವೆಂಟಿಲೇಟರ್ ಎಲ್ಲಿದೆ, ಈಗ ಖಾಲಿ ಇದೆಯೇ ಎಂದು ನಾವೇ ಮೊದಲು ಫೋನಿನಲ್ಲಿ ಕೇಳಿ ಕಳಿಸಿದರೆ ದಾರಿಯಲ್ಲಿ ಎರಡು ಆಸ್ಪತ್ರೆ ಸುತ್ತುವುದು ತಪ್ಪುತ್ತದೆ.

ಆ ರೈತರಿಗೆ ಕೆಲವು ಸಲ ಡಯಾಲಿಸಿಸ್ ಆಯಿತು. ಆಮೇಲೆ ಕಿಡ್ನಿ ಮತ್ತೆ ಕೆಲಸ ಶುರು ಮಾಡಿತು. ಬದುಕುಳಿದವರಲ್ಲಿ ಸಾಮಾನ್ಯವಾಗಿ ಹಾಗೆ ಆಗುತ್ತದೆ, ಜೀವನವಿಡೀ ಡಯಾಲಿಸಿಸ್ ಎಂದು ಹೆದರಿ ಮನೆಗೆ ಕರೆದೊಯ್ಯುವವರಿಗೆ ಇದನ್ನು ಹೇಳಲೇಬೇಕು.

6. ರಿಪೋರ್ಟು ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದಲ್ಲ

ಇನ್ನೊಬ್ಬ ರೋಗಿ, ಕಾಫಿ ತೋಟದಿಂದ ಮರಳಿದ ಹೆಣ್ಣುಮಗಳು. ಈ ಸಲ ನನಗೆ ಮೊದಲ ದಿನವೇ ಅನುಮಾನ ಬಂತು, ಜಂಬದಿಂದಲೇ ಲೆಪ್ಟೋ ಐಜಿಎಂ ಪರೀಕ್ಷೆಗೆ ಬರೆದೆ. ಜ್ವರದ ಮೂರನೆಯ ದಿನ. ನೆಗೆಟಿವ್ ಬಂತು. ಔಷಧಿಯನ್ನು ಪಕ್ಕಕ್ಕಿಟ್ಟೆ. ವಾರ ಕಳೆದು ಮತ್ತೆ ಮಾಡಿಸಿದಾಗ ಪಾಸಿಟಿವ್. ಪುಣ್ಯಕ್ಕೆ ಆಕೆ ಅಷ್ಟರಲ್ಲಿ ತಾನಾಗಿ ಚೇತರಿಸಿಕೊಂಡಿದ್ದಳು.

ಐಜಿಎಂ ಎಂದರೆ ನಮ್ಮ ದೇಹ ತಯಾರಿಸುವ ಪ್ರತಿಕಾಯ. ಅದು ಅಳತೆಗೆ ಸಿಗುವಷ್ಟು ತಯಾರಾಗಲು ಐದರಿಂದ ಏಳು ದಿನ ಬೇಕು. ಮೊದಲ ವಾರದಲ್ಲಿ ರೋಗಾಣುವನ್ನೇ ಹಿಡಿಯುವ ಪಿಸಿಆರ್ ಪರೀಕ್ಷೆ ರಕ್ತದಲ್ಲಿ ನಡೆಯುತ್ತದೆ, ಆದರೆ ತಾಲ್ಲೂಕು ಮಟ್ಟದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಎಲ್ಲಕ್ಕಿಂತ ಖಚಿತವೆನ್ನುವ ಮ್ಯಾಟ್ ಪರೀಕ್ಷೆಗೆ ಜೀವಂತ ರೋಗಾಣುಗಳನ್ನು ಸಾಕಿಟ್ಟ ದೊಡ್ಡ ಲ್ಯಾಬು ಬೇಕು, ಅದರ ಉತ್ತರ ಬರುವ ಹೊತ್ತಿಗೆ ರೋಗಿಯ ಹಣೆಬರಹ ನಿರ್ಧಾರವಾಗಿರುತ್ತದೆ. ಇದರ ಜೊತೆ ನಮ್ಮ ಕಡೆ ಎಲ್ಲ ಜ್ವರಕ್ಕೂ ಮಾಡಿಸುವ ವಿಡಾಲ್. ಅದು ಎಷ್ಟೋ ಸಲ ಸುಮ್ಮನೆ ಪಾಸಿಟಿವ್ ಬಂದು, ಟೈಫಾಯಿಡ್ ಎಂಬ ಹೆಸರು ಹಚ್ಚಿ, ಮುಂದೆ ಯೋಚಿಸುವುದನ್ನೇ ನಿಲ್ಲಿಸಿಬಿಡುತ್ತದೆ.

ಆದ್ದರಿಂದ ಅನುಮಾನ ಗಟ್ಟಿಯಿದ್ದರೆ ಪರೀಕ್ಷೆಗೆ ರಕ್ತ ತೆಗೆದುಕೊಂಡು ಅದೇ ದಿನ ಔಷಧಿ ಶುರು ಮಾಡುವುದು ನನ್ನ ಈಗಿನ ಪದ್ಧತಿ. ಕಾಯಿಲೆ ಹಗುರವಾಗಿದ್ದರೆ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏಳು ದಿನ. ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ಜೊತೆಗೆ ಇಲಿಜ್ವರವನ್ನೇ ಹೋಲುವ ಸ್ಕ್ರಬ್ ಟೈಫಸ್‌ಗೂ ಇದೇ ಔಷಧಿ, ಕಂಕುಳು ತೊಡೆಸಂದಿಗಳಲ್ಲಿ ಸಿಗರೇಟು ಸುಟ್ಟಂಥ ಕಪ್ಪು ಕಲೆಯನ್ನು ನಾನು ಕಾಣದೆ ಬಿಟ್ಟಿದ್ದರೂ ರೋಗಿ ಉಳಿಯುತ್ತಾನೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದರ ಬದಲು ಅಮಾಕ್ಸಿಸಿಲಿನ್ ಥರದ್ದು. ಕಾಮಾಲೆ, ಕಡಿಮೆ ಮೂತ್ರ, ಉಸಿರಾಟದ ತೊಂದರೆ ಇದ್ದವರಿಗೆ ಮಾತ್ರೆಯ ಕಾಲ ಮುಗಿದಿರುತ್ತದೆ. ಅವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ನಾನು ಈಗ ರೆಫರ್ ಮಾಡುವಾಗ ಮೊದಲ ಡೋಸನ್ನು ಇಲ್ಲೇ ಕೊಟ್ಟು, ಚೀಟಿಯಲ್ಲಿ ಸಮಯ ಬರೆದು ಕಳಿಸುತ್ತೇನೆ.

ಮೊದಲ ಡೋಸು ಹೋದ ಕೆಲವು ಗಂಟೆಗಳಲ್ಲಿ ಕೆಲವರಿಗೆ ಚಳಿ, ಜ್ವರ ಒಮ್ಮೆಲೇ ಜೋರಾಗುತ್ತದೆ. ಸತ್ತ ರೋಗಾಣುಗಳಿಂದ ಬರುವ ಪ್ರತಿಕ್ರಿಯೆ ಅದು, ಸಾಮಾನ್ಯವಾಗಿ ಒಂದು ದಿನದೊಳಗೆ ಅಡಗುತ್ತದೆ. ಇದನ್ನು ಮುಂಚೆಯೇ ಹೇಳದೆ ಒಬ್ಬರಿಗೆ ಮಾತ್ರೆ ಕೊಟ್ಟಿದ್ದೆ. "ನಿಮ್ಮ ಗುಳಿಗಿ ಆಗಿಬರಲಿಲ್ಲ" ಎಂದು ಉಳಿದದ್ದನ್ನು ತಿಪ್ಪೆಗೆ ಎಸೆದರು.

7. ಗಂಬೂಟು ಹಾಕಿಕೊಳ್ಳಿ ಎಂದು ಹೇಳಿ ನಗೆಪಾಟಲಾದೆ

ಒಂದು ಗ್ರಾಮಸಭೆಯಲ್ಲಿ, ನೀರಿಗೆ ಇಳಿಯುವಾಗ ಗಂಬೂಟು ಹಾಕಿಕೊಳ್ಳಿ ಎಂದು ಭಾಷಣ ಬಿಗಿದೆ. ಹಿಂದೆ ಕೂತ ಅಜ್ಜ ಎದ್ದು, "ಎರೆಮಣ್ಣಾಗ ಬೂಟು ಅಲ್ಲೇ ಉಳೀತೈತಿ, ಕಾಲು ಅಷ್ಟ ಮ್ಯಾಲ ಬರತೈತಿ ನೋಡಪಾ" ಎಂದರು. ಸಭೆ ನಕ್ಕಿತು, ಮಾತು ನಿಜವೂ ಹೌದು. ಸೊಂಟಮಟ್ಟ ನೀರಿನಲ್ಲಿ ಬೂಟಿನೊಳಗೇ ನೀರು ತುಂಬುತ್ತದೆ. ಬೂಟು ಕೊಟ್ಟಿಗೆ ತೊಳೆಯುವವರಿಗೆ, ಚರಂಡಿಗೆ ಇಳಿಯುವವರಿಗೆ ಸರಿ.

ಈಗ ಹೇಳುವುದು ಆಗುವಂಥದ್ದನ್ನು. ಕಾಲಲ್ಲಿ ಗಾಯವಿದ್ದವರು ಮೋಟರು ಎಳೆಯಲು ಇಳಿಯಬೇಡಿ, ಮನೆಯ ಇನ್ನೊಬ್ಬರನ್ನು ಕಳಿಸಿ. ಬಂದ ಕೂಡಲೇ ಸೋಪು ಹಚ್ಚಿ ತೊಳೆದು ಒರೆಸಿ, ಬಟ್ಟೆ ಬದಲಿಸಿ. ಹೊಳೆ ನೀರು ತಾಗಿದ ಬೋರಿನ, ಬಾವಿಯ ನೀರನ್ನು ಕುದಿಸಿ ಕುಡಿಯಿರಿ. ನೀರಿಗೆ ಇಳಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಮುಂದಿನ ಒಂದು ತಿಂಗಳಲ್ಲಿ ಜ್ವರ ಬಂದರೆ ಆ ದಿನಾಂಕ ಹೇಳಿ. ರೋಗಿಯ ಜೊತೆ ಉಂಡರೆ, ಮಲಗಿದರೆ ಅಂಟುತ್ತದೆಂಬ ಭಯ ಬೇಡ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ತೀರಾ ಅಪರೂಪ.

ಪ್ರವಾಹದಲ್ಲಿ ದಿನಗಟ್ಟಲೆ ನೀರಿನಲ್ಲೇ ಇರಬೇಕಾದ ರಕ್ಷಣಾ ಕೆಲಸದವರಿಗೆ, ಚರಂಡಿ ಬಳಿಯುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುವ ಪದ್ಧತಿಯಿದೆ. ಕೇರಳದಲ್ಲಿ 2018ರಲ್ಲಿ ಇದನ್ನೇ ವ್ಯಾಪಕವಾಗಿ ಕೊಟ್ಟರು. ಪೂರ್ತಿ ರಕ್ಷಣೆ ಅಲ್ಲ, ನೀರಿನ ಸಹವಾಸ ಇರುವ ವಾರಗಳಿಗಷ್ಟೇ, ಅದೂ ವೈದ್ಯರನ್ನು ಕೇಳಿ. ನುಂಗುವಾಗ ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಮಲಗಬಾರದು. ಗುಟುಕು ನೀರಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತದೆ, ಎದೆಯುರಿ ಎಂದು ಮರುದಿನ ನನ್ನ ಬಾಗಿಲಿಗೇ ಬರುತ್ತಾರೆ.